ತಕಿಟಕ್ಕೆ ಚಪ್ಪಾಳೆ, ತಕಧಿಮಿಗೆ ಕೋಲು: ಬಡಾವಣೆಯ ಗರ್ಬಾ ಸಂಜೆಗೆ ಹಾಡು ಆರಿಸುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟು. ನಾಲ್ಕೈದು ಗುಜರಾತಿ ಮನೆಗಳಿವೆ, ಉಳಿದವರು ಹೆಚ್ಚಾಗಿ ಕನ್ನಡದವರು. ಹೋದ ವರ್ಷ ನವರಾತ್ರಿಯಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಗರ್ಬಾ ಇಟ್ಟುಕೊಂಡೆವು. ಎಲ್ಲರಿಗೂ ಗೊತ್ತಿರುವ ಹಿಟ್ ಹಾಡುಗಳನ್ನೇ ಹಾಕಿದರೂ ಮೂರನೇ ಹಾಡಿಗೆ ಸುತ್ತು ಒಡೆದುಹೋಯಿತು. ಮಕ್ಕಳು ಮಧ್ಯದಲ್ಲಿ ಕುಣಿದರು, ದೊಡ್ಡವರು ಕುರ್ಚಿ ಹಿಡಿದರು. ದಾಂಡಿಯಾ ಅಂತೂ ಬರೀ ಗಲಾಟೆ. ಈ ಸಲ ಸುಮಾರು ಅರವತ್ತು ಜನ ಸೇರುತ್ತೇವೆ. ಎಂಥ ಹಾಡು ಹಾಕಬೇಕು? ನಡುವೆ ಕನ್ನಡದ ಹಾಡು ಹಾಕಬಹುದೇ?

ಉತ್ತರ:

ನಿಮ್ಮ ಹಾಡುಗಳು ಕೆಟ್ಟವಾಗಿದ್ದವು ಅಂತ ನನಗೆ ಅನ್ನಿಸುವುದಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ನಡೆ ಬದಲಾಗಿರಬೇಕು. ಗರ್ಬಾದಲ್ಲಿ ಕುಣಿಯುವವರು ಹಾಡಿನ ಮಾತಿಗೆ ಹೆಜ್ಜೆ ಹಾಕುವುದಿಲ್ಲ, ಢೋಲಿನ ನಡೆಗೆ ಹಾಕುತ್ತಾರೆ. ಮೂರರ ನಡೆಯಲ್ಲಿ ಕಾಲು ಕುದುರಿ, ಚಪ್ಪಾಳೆ ಕೂಡಿಕೊಂಡು, ಸುತ್ತು ಚಲಿಸತೊಡಗಿದ ಹೊತ್ತಿಗೆ ನಾಲ್ಕರ ನಡೆಯ ಸಿನಿಮಾ ಹಾಡು ಬಂದರೆ ಕಾಲಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಪಳಗಿದವರು ಎರಡು ಕ್ಷಣದಲ್ಲಿ ಹೊಂದಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಕುಣಿಯುವವರು ನಿಂತುಬಿಡುತ್ತಾರೆ. ನಿಂತವರ ಹಿಂದಿದ್ದವರೂ ನಿಲ್ಲಬೇಕಾಗುತ್ತದೆ, ಸುತ್ತು ಅಲ್ಲಿಗೆ ಒಡೆಯುತ್ತದೆ. ಆದ್ದರಿಂದ ಪಟ್ಟಿ ಮಾಡುವಾಗ ಹಾಡಿನ ಹೆಸರಿಗಿಂತ ಮೊದಲು ಅದರ ನಡೆ ನೋಡಿ.

ಗುಜರಾತಿನಲ್ಲಿ ಗರ್ಬಾಕ್ಕೆ ಹೆಚ್ಚಾಗಿ ಬಳಕೆಯಾಗುವುದು ಹೀಂಚ್ ಎಂಬ ತಾಳ. ಆರು ಮಾತ್ರೆ, ಮೂರು ಮೂರಾಗಿ ಒಡೆಯುತ್ತದೆ. ದಾಂಡಿಯಾ ರಾಸಕ್ಕೆ ಹೆಚ್ಚಾಗಿ ಬರುವುದು ಕೆಹರ್ವಾ. ಎಂಟು ಮಾತ್ರೆ, ನಾಲ್ಕು ನಾಲ್ಕಾಗಿ ಒಡೆಯುತ್ತದೆ. ಈ ಹೆಸರುಗಳನ್ನು ನೀವು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಸಂಗೀತ ಪಾಠಕ್ಕೆ ನಾಲ್ಕು ದಿನ ಹೋದ ಮಕ್ಕಳು ಯಾರಾದರೂ ನಿಮ್ಮಲ್ಲಿ ಇದ್ದೇ ಇರುತ್ತಾರೆ, ಅವರನ್ನು ಕೂರಿಸಿಕೊಳ್ಳಿ. ಹಾಡು ಹಾಕಿ, ಅದರ ಮೇಲೆ ಬಾಯಲ್ಲಿ ‘ತಕಿಟ ತಕಿಟ’ ಹೇಳುತ್ತಾ ಹೋಗಿ. ತಡವರಿಸದೆ ಅರ್ಧ ನಿಮಿಷ ಹೇಳಲು ಬಂದರೆ ಅದು ಚಪ್ಪಾಳೆಯ ಗರ್ಬಾಕ್ಕೆ ಆಗುವ ಹಾಡು. ಎರಡನೇ ಸಾಲಿಗೇ ನಾಲಿಗೆ ತೊಡರಿ, ತಾನಾಗಿ ‘ತಕಧಿಮಿ ತಕಧಿಮಿ’ ಆಗಿಬಿಟ್ಟರೆ ಅದನ್ನು ಕೋಲಿಗೆ ಎತ್ತಿಡಿ. ನಮ್ಮ ಕಡೆ ತಿಶ್ರ ನಡೆ, ಚತುರಶ್ರ ನಡೆ ಅನ್ನುವುದು ಇದನ್ನೇ. ಕಾಗದದಲ್ಲಿ ಎರಡು ಪಟ್ಟಿ ಮಾಡಿ, ಒಂದು ತಕಿಟದ್ದು, ಇನ್ನೊಂದು ತಕಧಿಮಿಯದ್ದು. ಒಂದೇ ಗರ್ಬಾವನ್ನು ಒಬ್ಬ ಗಾಯಕರು ಹೀಂಚ್‌ನಲ್ಲೂ ಇನ್ನೊಬ್ಬರು ಮೆಡ್ಲಿಯ ನಡುವೆ ಕೆಹರ್ವಾದಲ್ಲೂ ಹಾಡಿರುವುದುಂಟು. ಹಾಗಾಗಿ ಹೆಸರು ನೋಡಿ ಪಟ್ಟಿಗೆ ಸೇರಿಸಬೇಡಿ, ನೀವು ಅಂದು ಹಾಕಲಿರುವ ಧ್ವನಿಮುದ್ರಣವನ್ನೇ ಕೇಳಿ ಪರೀಕ್ಷಿಸಿ.

ಈಗ ಚಪ್ಪಾಳೆಯ ವಿಷಯ. ಹೊಸಬರಿಗೆ ಹತ್ತು ಹೆಜ್ಜೆ ಕಲಿಸಲು ಹೋಗುವುದಕ್ಕಿಂತ ‘ತ್ರಣ್ ತಾಳಿ’ ಒಂದನ್ನು ಸರಿಯಾಗಿ ಕಲಿಸಿದರೆ ಸಂಜೆಯ ಮುಕ್ಕಾಲು ಭಾಗ ಸಾಗುತ್ತದೆ. ಅಂದರೆ ಮೂರು ಚಪ್ಪಾಳೆಯ ಗರ್ಬಾ. ತಕಿಟ ನಾಲ್ಕು ಸಲ ಹೇಳಿಕೊಳ್ಳಿ. ಮೊದಲ ಮೂರು ‘ತ’ಗಳಿಗೆ ಒಂದೊಂದು ಚಪ್ಪಾಳೆ, ಒಂದೊಂದು ಹೆಜ್ಜೆ. ನಾಲ್ಕನೆಯದಕ್ಕೆ ಚಪ್ಪಾಳೆ ಇಲ್ಲ, ಕೈ ಬಿಚ್ಚಿಕೊಳ್ಳುತ್ತದೆ, ಮೈ ಸ್ವಲ್ಪ ತಿರುಗುತ್ತದೆ. ಮತ್ತೆ ಒಂದರಿಂದ. ಚಪ್ಪಾಳೆ ಹೊಡೆಯುವಾಗ ಸುತ್ತಿನ ಒಳಕ್ಕೆ ಕೊಂಚ ಬಾಗಿ, ಕೈ ಬಿಚ್ಚುವಾಗ ಹೊರಕ್ಕೆ ಏಳುವುದು ಸಾಮಾನ್ಯ ರೂಢಿ. ಹೆಜ್ಜೆಯ ವಿವರ ಊರಿಂದೂರಿಗೆ ಬೇರೆಯಾಗುತ್ತದೆ. ನಿಮ್ಮಲ್ಲಿರುವ ಗುಜರಾತಿ ಮನೆಯವರು ಹೇಗೆ ಹಾಕುತ್ತಾರೋ ಅದನ್ನೇ ಎಲ್ಲರೂ ಹಿಡಿಯಿರಿ. ಸುತ್ತಿನಲ್ಲಿ ಹೆಜ್ಜೆ ಒಂದೇ ಇದ್ದರೆ ಸಾಕು, ಯಾವುದು ಶುದ್ಧ ಎಂದು ವಾದ ಬೇಡ.

ಹೆಜ್ಜೆಯಲ್ಲಿ ಒಂದು ಸೂಕ್ಷ್ಮವಿದೆ. ಪಾದದ ಭಾರ ಬೀಳುವುದು ‘ತ’ ಮೇಲೆ. ‘ಕಿ’ ಬರುವಾಗ ಕಾಲು ನೆಲದಲ್ಲೇ ಇರುತ್ತದೆ, ‘ಟ’ಕ್ಕೆ ಹಿಮ್ಮಡಿ ಹಗುರಾಗಿ ಏಳುತ್ತದೆ. ಈ ಕೊನೆಯ ಏಳುವಿಕೆಯೇ ಗರ್ಬಾದ ತೂಗಾಟ. ಢೋಲು ಬಾರಿಸುವವರು ಅದನ್ನು ತೆಳುವಾದ ಬದಿಯಲ್ಲಿ ಚಿಕ್ಕದಾಗಿ ನುಡಿಸಿ ಕಾಲನ್ನು ಎತ್ತುತ್ತಾರೆ. ಕ್ಲಬ್ಬಿನ ಡ್ರಮ್ ಸೇರಿಸಿದ ಎಷ್ಟೋ ರೀಮಿಕ್ಸ್‌ಗಳು ಕೆಡಿಸುವುದು ಇದನ್ನೇ. ಎರಡು ಚಪ್ಪಾಳೆಗಳ ನಟ್ಟನಡುವೆ ಒಂದು ಪೆಟ್ಟು ಹಾಕಿಬಿಡುತ್ತಾರೆ. ಮೂರಾಗಿ ಒಡೆಯಬೇಕಾದ ಜಾಗ ಎರಡಾಗಿ ಒಡೆಯುತ್ತದೆ, ಕಾಲು ತೂಗುವುದು ಬಿಟ್ಟು ಕುಪ್ಪಳಿಸುತ್ತದೆ. ನಿಮ್ಮ ಮಕ್ಕಳು ಮಧ್ಯಕ್ಕೆ ಹೋಗಿ ಜಿಗಿಯತೊಡಗಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಹಾಡು ಕೇಳಿದ್ದೇ ಅದನ್ನು. ಒಂದು ಧ್ವನಿಮುದ್ರಣದಲ್ಲಿ ಈ ತೊಂದರೆ ಇದೆಯೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯಬಹುದು. ಹಾಡಿಗೆ ಚಪ್ಪಾಳೆ ಹೊಡೆಯುತ್ತಾ ಜಾಗದಲ್ಲೇ ಹೆಜ್ಜೆ ಹಾಕಿ. ಹಿಮ್ಮಡಿ ತಾನಾಗಿ ಏಳಬೇಕು. ಏಳದೆ ಮಂಡಿ ಮಾತ್ರ ಮಡಿಯುತ್ತಿದ್ದರೆ ಆ ಹಾಡು ಬೇಡ.

ಸುತ್ತು ಸರಿ ಹೋಗುತ್ತಿದೆಯೋ ಎಂದು ತಿಳಿಯಲು ಚಪ್ಪಾಳೆಗಿಂತ ಚಪ್ಪಾಳೆ ಇಲ್ಲದ ಜಾಗವನ್ನು ಕೇಳಿ. ಅರವತ್ತು ಜನರ ಸುತ್ತಿನಲ್ಲಿ ನಾಲ್ಕನೆಯ ‘ತ’ ಖಾಲಿ ಇರಬೇಕು. ಅಲ್ಲಿ ಚಟಪಟ ಸದ್ದು ಕೇಳಿದರೆ ಯಾರೋ ಒಂದು ಎಣಿಕೆ ಜಾರಿದ್ದಾರೆ. ಒಬ್ಬರು ಜಾರಿದರೆ ಅಕ್ಕಪಕ್ಕದ ನಾಲ್ವರು ಅವರನ್ನು ನೋಡಿ ಜಾರುತ್ತಾರೆ. ಇದಕ್ಕೆ ಮೈಕಿನಲ್ಲಿ ಕೂಗುವುದಕ್ಕಿಂತ ಒಳ್ಳೆಯ ಉಪಾಯವಿದೆ. ಗೊತ್ತಿರುವವರು ಎಲ್ಲರೂ ಒಂದೇ ಕಡೆ ಗುಂಪಾಗಿ ಕುಣಿಯುವುದನ್ನು ತಪ್ಪಿಸಿ, ಸುತ್ತಿನ ನಾಲ್ಕು ದಿಕ್ಕಿಗೆ ಒಬ್ಬೊಬ್ಬರನ್ನು ನಿಲ್ಲಿಸಿ. ಪ್ರತಿಯೊಬ್ಬರ ಕಣ್ಣಿಗೂ ಒಬ್ಬ ಬಲ್ಲವರು ಬೀಳಬೇಕು. ಜಾರಿದ್ದು ಕಂಡ ಕೂಡಲೇ ಆ ನಾಲ್ವರು ನಾಲ್ಕನೆಯ ಎಣಿಕೆಗೆ ಎರಡೂ ಕೈ ತಲೆಯ ಮೇಲೆ ಎತ್ತಿ ಬಿಚ್ಚಲಿ. ಒಂದೆರಡು ಸುತ್ತಿಗೆ ಎಲ್ಲರೂ ಸೇರಿಕೊಳ್ಳುತ್ತಾರೆ.

ಇನ್ನು ವೇಗ. ಗರ್ಬಾ ನಿಧಾನಕ್ಕೆ ಹುಟ್ಟಿ ಏರುತ್ತಾ ಹೋಗುವ ಕುಣಿತ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಜರಾತಿನ ಗರ್ಬಾದಲ್ಲಿಯೂ ಆ ಏರಿಕೆಯೇ ಜೀವ. ಸುತ್ತಿನ ನಡುವೆ ಒಂದು ತೂತು ತೂತಿನ ಮಣ್ಣಿನ ಮಡಕೆ, ಒಳಗೆ ದೀಪ, ಅದರ ಸುತ್ತ ಮೊದಲು ಮೆಲ್ಲಗೆ ಸುತ್ತುತ್ತಾ, ಕೊನೆಗೆ ಗಿರಗಿರ ತಿರುಗುವುದು. ನಮ್ಮ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಆಗುವುದು ಇದಕ್ಕೆ ತದ್ವಿರುದ್ಧ. ಜನ ಸೇರಲಿ ಎಂದು ಅತಿ ಜೋರಿನ ಹಾಡನ್ನೇ ಮೊದಲು ಹಾಕುತ್ತಾರೆ. ಹತ್ತು ನಿಮಿಷಕ್ಕೆ ಐವತ್ತು ದಾಟಿದವರಿಗೆ ಏದುಸಿರು, ಆಮೇಲೆ ಅವರು ಕುರ್ಚಿಯಿಂದ ಏಳುವುದೇ ಇಲ್ಲ.

ಹಾಡಿನ ವೇಗ ಅಳೆಯುವುದು ಸುಲಭ. ತ್ರಣ್ ತಾಳಿಯ ಖಾಲಿ ಎಣಿಕೆಯನ್ನೂ ಸೇರಿಸಿ ಹದಿನೈದು ಸೆಕೆಂಡಿನಲ್ಲಿ ಎಷ್ಟು ‘ತ’ ಬರುತ್ತವೆ ಎಂದು ಎಣಿಸಿ. ಇಪ್ಪತ್ತರ ಆಸುಪಾಸು ಇದ್ದರೆ ಶುರುವಿನ ಹಾಡು. ಇಪ್ಪತ್ತೈದು ಇದ್ದರೆ ನಡುವಿನದು. ಮೂವತ್ತು ದಾಟಿದರೆ ಕೊನೆಯ ಅರ್ಧ ಗಂಟೆಗೆ ಮಾತ್ರ. ನಿಮ್ಮಂಥ ಮಿಶ್ರ ಗುಂಪಿಗೆ ಮೂವತ್ತೆರಡಕ್ಕಿಂತ ಮೇಲೆ ಹೋಗುವುದು ಬೇಡ ಎಂಬುದು ನನ್ನ ಅಭಿಪ್ರಾಯ, ಅಷ್ಟು ವೇಗದಲ್ಲಿ ಹೊಸಬರ ಚಪ್ಪಾಳೆ ನಿಂತು ಬರೀ ಓಟ ಉಳಿಯುತ್ತದೆ. ಒಂದು ಹಾಡಿನಿಂದ ಮುಂದಿನದಕ್ಕೆ ಹೋಗುವಾಗ ಈ ಎಣಿಕೆ ಒಂದು, ಹೆಚ್ಚೆಂದರೆ ಎರಡು ಏರಬಹುದು. ಅದಕ್ಕಿಂತ ಜಾಸ್ತಿ ಏರಿದರೆ ಹೆಜ್ಜೆ ಮುರಿಯುತ್ತದೆ.

ಹಾಡು ಹಾಡಿನ ನಡುವಿನ ಖಾಲಿ ಜಾಗವೂ ಅಷ್ಟೇ ಅಪಾಯಕಾರಿ. ಸಿನಿಮಾ ಹಾಡುಗಳ ಮೊದಲಲ್ಲಿ ಆಲಾಪ ಇರುತ್ತದೆ, ನಡುವೆ ಒಮ್ಮೊಮ್ಮೆ ತಾಳವೇ ನಿಂತು ಬರೀ ದನಿ ಇರುತ್ತದೆ. ತೆರೆಯ ಮೇಲೆ ಚೆಂದ, ಸುತ್ತಿನಲ್ಲಿ ಅರವತ್ತು ಜನ ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಕಂಪ್ಯೂಟರಿನಲ್ಲಿ Audacity ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಇಂಥ ಜಾಗಗಳನ್ನು ಕತ್ತರಿಸಿ ಹಾಡುಗಳನ್ನು ಒಂದಕ್ಕೊಂದು ಜೋಡಿಸಬಹುದು. ಅದರಲ್ಲಿ Change Tempo ಎಂಬ ಆಯ್ಕೆ ಇದೆ, ಶ್ರುತಿ ಬದಲಾಗದೆ ವೇಗ ಮಾತ್ರ ಬದಲಾಗುತ್ತದೆ. ನಿಮಿಷಕ್ಕೆ ನೂರು ‘ತ’ ಇರುವ ಹಾಡಿನ ಹಿಂದೆ ನೂರಾಹನ್ನೆರಡರ ಹಾಡು ಬರಬೇಕಾಗಿದೆ ಎಂದುಕೊಳ್ಳಿ. ಮೊದಲನೆಯದನ್ನು ಶೇಕಡಾ 3ರಷ್ಟು ಏರಿಸಿದರೆ 103, ಎರಡನೆಯದನ್ನು ಶೇಕಡಾ 4ರಷ್ಟು ಇಳಿಸಿದರೆ ಹತ್ತಿರಹತ್ತಿರ 107. ನಡುವಿನ ಅಂತರ ಹನ್ನೆರಡಿದ್ದದ್ದು ನಾಲ್ಕೈದಕ್ಕೆ ಬಂತು. ಇಷ್ಟು ಸಣ್ಣ ಬದಲಾವಣೆ ಯಾರ ಕಿವಿಗೂ ತಿಳಿಯುವುದಿಲ್ಲ, ಕಾಲಿಗೆ ಮಾತ್ರ ಹಿತವಾಗುತ್ತದೆ.

ಯಾವ ಹಾಡು ಎಂದು ಕೇಳಿದ್ದೀರಿ. ಗರ್ಬಾ ದೇವಿಯದ್ದು, ರಾಸ ಕೃಷ್ಣನದ್ದು ಎಂಬ ಹಳೆಯ ವಿಂಗಡಣೆಯನ್ನು ಇಟ್ಟುಕೊಂಡರೆ ಆಯ್ಕೆ ತಾನಾಗಿ ಅರ್ಧ ಮುಗಿಯುತ್ತದೆ. ಮೊದಲ ಭಾಗಕ್ಕೆ ಅಂಬೆ, ಬಹುಚರಾ, ಮಹಾಕಾಳಿ, ಚಾಮುಂಡಾ ಇವರನ್ನು ಕರೆಯುವ ಗರ್ಬಾಗಳನ್ನು ತೆಗೆದುಕೊಳ್ಳಿ. ಚಾಮುಂಡಿ ಎಂದರೆ ನಮಗೆ ಮೈಸೂರಿನ ಬೆಟ್ಟ ನೆನಪಾಗುತ್ತದೆ, ಗುಜರಾತಿನವರಿಗೆ ಚೋಟಿಲಾದ ಬೆಟ್ಟ. ಅವಳ ಹಾಡು ಬಂದಾಗ ಇದನ್ನು ಮೈಕಿನಲ್ಲಿ ಒಂದು ಮಾತು ಹೇಳಿ, ಕನ್ನಡದ ಮನೆಯವರಿಗೆ ಹಾಡು ತಮ್ಮದೂ ಅನ್ನಿಸುತ್ತದೆ. ಪಾವಾಗಢದ ಮಹಾಕಾಳಿಗೆ ಹಕ್ಕಿಯ ಮೂಲಕ ಸುದ್ದಿ ಕಳಿಸುವ ‘ಪಂಖೀಡಾ’ ಗುಜರಾತಿ ಬಾರದವರ ಬಾಯಲ್ಲೂ ಬೇಗ ಕೂರುತ್ತದೆ, ಪಲ್ಲವಿ ಮತ್ತೆ ಮತ್ತೆ ಬರುವುದರಿಂದ. ಅವಿನಾಶ್ ವ್ಯಾಸರು ಬರೆದು ಸ್ವರ ಹಾಕಿದ, ಆಶಾ ಭೋಸ್ಲೆ ಹಾಡಿದ ‘ಮಾಡೀ ತಾರು ಕಂಕು ಖರ್ಯು’ ನಿಧಾನದ ಶುರುವಿಗೆ ನನಗೆ ಬಹಳ ಇಷ್ಟ. ಒಬ್ಬರಾದರೂ ಹಿರಿಯ ಗುಜರಾತಿ ಹೆಂಗಸು ಅದರ ಜೊತೆಗೆ ದನಿಗೂಡಿಸಿಯೇ ತೀರುತ್ತಾರೆ, ಅದೇ ನಿಮಗೆ ಬೇಕಾದದ್ದು. ಎರಡನೇ ಭಾಗದ ಕೋಲಿಗೆ ‘ತಾರಾ ವಿನಾ ಶ್ಯಾಮ್’ನಂಥ ಹಾಡು, ಶ್ಯಾಮನನ್ನು ರಾಸಕ್ಕೆ ಬಾ ಎಂದು ಕರೆಯುವಂಥದ್ದು. ಇವಕ್ಕೆಲ್ಲ ಹಲವು ಧ್ವನಿಮುದ್ರಣಗಳಿವೆ, ತಕಿಟದ ಪರೀಕ್ಷೆ ತಪ್ಪಿಸಬೇಡಿ. ಇತ್ತೀಚಿನ ಸಿನಿಮಾ ಹಾಡುಗಳನ್ನು ಬಿಡಬೇಕಿಲ್ಲ. ಸಂಜೆಯ ಕೊನೆಗೆ ಮೂರೋ ನಾಲ್ಕೋ ಸಾಕು, ಆ ಹೊತ್ತಿಗೆ ಕಾಲು ಬಿಸಿಯಾಗಿರುತ್ತದೆ, ನಡೆ ಬದಲಾದರೂ ತಡೆದುಕೊಳ್ಳುತ್ತದೆ.

ಧ್ವನಿಮುದ್ರಣವೇ ಆಗಬೇಕೆಂದೂ ಇಲ್ಲ. ಗುಜರಾತಿನ ಮನೆಯಂಗಳಗಳಲ್ಲಿ ಒಬ್ಬರು ಸಾಲು ಎತ್ತಿಕೊಡುತ್ತಾರೆ, ಸುತ್ತಿನವರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ನಮ್ಮ ಕೋಲಾಟದಲ್ಲಿ ಸೊಲ್ಲು ಎತ್ತುವವರು ಒಬ್ಬರು, ಹಿಂದೆ ಹೇಳುವವರು ಎಲ್ಲರೂ ಇದ್ದಂತೆಯೇ. ಒಂದು ಢೋಲಕ್ಕು, ಒಂದು ಜೊತೆ ತಾಳ, ಎರಡು ಗಟ್ಟಿ ದನಿ ಇದ್ದರೆ ಮೊದಲ ಇಪ್ಪತ್ತು ನಿಮಿಷವನ್ನು ಹೀಗೆ ನಡೆಸಬಹುದು. ಇದರ ದೊಡ್ಡ ಲಾಭವೆಂದರೆ ಬಾರಿಸುವವರು ಕುಣಿಯುವವರ ಕಾಲು ನೋಡುತ್ತಾರೆ. ಸುತ್ತು ತಡವರಿಸಿದರೆ ಅಲ್ಲೇ ನಿಧಾನಿಸುತ್ತಾರೆ, ಹಿಡಿತ ಬಂದ ಮೇಲೆ ಏರಿಸುತ್ತಾರೆ. ಯಾವ ರೆಕಾರ್ಡೂ ಇದನ್ನು ಮಾಡಲಾರದು.

ದಾಂಡಿಯಾ ಗಲಾಟೆಯಾಗುವುದಕ್ಕೆ ಕಾರಣ ಹೆಚ್ಚಾಗಿ ಎಣಿಕೆ ಇಲ್ಲದಿರುವುದು. ಎಂಟರ ಎಣಿಕೆ ಕಲಿಸಿ. ಒಂದಕ್ಕೆ ನಿಮ್ಮ ಬಲಗೋಲು ಎದುರಿನವರ ಬಲಗೋಲಿಗೆ. ಎರಡಕ್ಕೆ ಎಡಗೋಲು ಎಡಗೋಲಿಗೆ. ಮೂರಕ್ಕೆ ಮತ್ತೆ ಬಲ. ನಾಲ್ಕಕ್ಕೆ ಸ್ವಲ್ಪ ಹೊರಳಿ ನಿಮ್ಮವೇ ಎರಡು ಕೋಲು. ಐದಕ್ಕೆ ತಿರುಗಿ ಬಲಗೋಲು. ಆರು, ಏಳು, ಎಂಟರಲ್ಲಿ ಕೋಲು ಸುಮ್ಮನಿರುತ್ತದೆ, ಕಾಲು ನಡೆದು ಮುಂದಿನವರ ಎದುರಿಗೆ ಬರುತ್ತದೆ. ಹೊಸಬರು ತಪ್ಪುವುದು ಐದು ಪೆಟ್ಟಿನಲ್ಲಿ ಅಲ್ಲ, ಈ ಮೂರು ಖಾಲಿ ಎಣಿಕೆಯಲ್ಲಿ. ಪೆಟ್ಟು ಮುಗಿಯಿತೆಂದು ಆರಕ್ಕೇ ಮುಂದಿನವರ ಕೋಲಿಗೆ ಕೈ ಚಾಚುತ್ತಾರೆ, ಅವರಿನ್ನೂ ಬಂದಿರುವುದಿಲ್ಲ. ಆದ್ದರಿಂದ ಕಲಿಸುವಾಗ ‘ಆರು, ಏಳು, ಎಂಟು’ ಎಂದು ಎಲ್ಲರಿಂದಲೂ ಬಾಯಿಬಿಟ್ಟು ಹೇಳಿಸಿ. ತಕಧಿಮಿಯಲ್ಲಿ ‘ತ’ಗೆ ಒಂದು, ‘ಧಿ’ಗೆ ಒಂದು ಎಣಿಕೆ ಹಿಡಿದರೆ ನಾಲ್ಕು ತಕಧಿಮಿಗೆ ಒಂದು ಆವರ್ತ ಮುಗಿಯುತ್ತದೆ, ಹಾಡಿನ ಸಾಲೂ ಹೆಚ್ಚಾಗಿ ಅಲ್ಲೇ ಮುಗಿಯುತ್ತದೆ. ಎಂಟು ಎಣಿಕೆಗೆ ಐದು ಸೆಕೆಂಡು ಹಿಡಿಯುವ ಹಾಡು ಕಲಿಯುವವರಿಗೆ ಹದ. ನಾಲ್ಕು ಸೆಕೆಂಡಿಗೆ ಇಳಿದರೆ ಸಾಕಷ್ಟು ಚುರುಕು. ಪಳಗಿದವರು ಹೀಂಚ್‌ಗೂ ಕೋಲು ಹಾಕುತ್ತಾರೆ, ನೀವು ಈ ವರ್ಷ ತಕಧಿಮಿಯಲ್ಲೇ ಇರಿ.

ಕೋಲಿಗೆ ಸುತ್ತಿಗಿಂತ ಎದುರುಬದುರಾದ ಎರಡು ಸಾಲು ವಾಸಿ. ಪ್ರತಿಯೊಬ್ಬರೂ ತಮ್ಮ ಬಲಕ್ಕೆ ಸರಿಯುತ್ತಾರೆ. ಸಾಲಿನ ತುದಿ ಮುಟ್ಟಿದವರು ಒಂದು ಆವರ್ತ ಖಾಲಿ ನಿಂತು, ತಿರುಗಿ ಎದುರಿನ ಸಾಲಿಗೆ ಸೇರಿಕೊಳ್ಳುತ್ತಾರೆ. ಹೀಗೆ ಮಾಡಿದರೆ ಜನ ಬೆಸವಾಗಿದ್ದರೂ ಯಾರೂ ಜೋಡಿಯಿಲ್ಲದೆ ಹೊರಗುಳಿಯುವುದಿಲ್ಲ. ಅರವತ್ತು ಜನರನ್ನು ಒಂದೇ ಸಾಲುಜೋಡಿ ಮಾಡಬೇಡಿ, ಹದಿನೈದಿಪ್ಪತ್ತರ ಮೂರು ಗುಂಪು ಮಾಡಿ. ಚಿಕ್ಕ ಮಕ್ಕಳದ್ದು ಬೇರೆಯೇ ಗುಂಪಾಗಲಿ, ದೊಡ್ಡವರ ಕೋಲಿನ ಎತ್ತರಕ್ಕೆ ಸರಿಯಾಗಿ ಅವರ ಮುಖ ಇರುತ್ತದೆ. ಕೋಲು ಮರದ್ದೇ ಇರಲಿ, ಸುಮಾರು ಹದಿನೆಂಟು ಅಂಗುಲ. ಹಿಂದಿನ ದಿನವೇ ಸೀಳು ಬಿಟ್ಟ ಕೋಲುಗಳನ್ನು ಆರಿಸಿ ತೆಗೆದುಬಿಡಿ.

ನಿಮ್ಮ ಅಂಗಳದ ಲೆಕ್ಕವನ್ನೂ ಹಾಕೋಣ. ಪೂರ್ತಿ ಅಳತೆಯ ಬ್ಯಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ತಿರುಗುತ್ತಾ ಚಪ್ಪಾಳೆ ಹೊಡೆಯುವವರಿಗೆ ತಲಾ ಒಂದು ಮೀಟರ್ ಬೇಕು. 13 ಮೀಟರ್ ವ್ಯಾಸದ ಹೊರಸುತ್ತು ಎಳೆದರೆ ನಲವತ್ತು ಜನ ಹಿಡಿಯುತ್ತಾರೆ, ಅದರೊಳಗೆ 8 ಮೀಟರ್ ವ್ಯಾಸದ ಒಳಸುತ್ತಿಗೆ ಇಪ್ಪತ್ತೈದು ಜನ. ಅಲ್ಲಿಗೆ ಅರವತ್ತೈದು. ಸುಣ್ಣದಲ್ಲಿ ಎರಡೂ ಗೆರೆ ಹಾಕಿಬಿಡಿ. ಒಳಸುತ್ತಿನಲ್ಲಿ ಹಿರಿಯರೂ ನಿಧಾನಕ್ಕೆ ಹೋಗುವವರೂ ಇರಲಿ, ಒಂದು ಪ್ರದಕ್ಷಿಣೆಗೆ ಅವರು ನಡೆಯಬೇಕಾದ ದೂರ ಕಡಿಮೆ. ಗರ್ಬಾ ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ, ಅಂದರೆ ನಡುವಿನ ದೀಪ ಎಡಗಡೆಗೆ ಬರುವಂತೆ ಸುತ್ತುತ್ತದೆ. ದೇವಸ್ಥಾನದ ರೂಢಿಯ ನಮ್ಮವರು ಗೊತ್ತಿಲ್ಲದೆ ಎದುರು ದಿಕ್ಕಿಗೆ ಹೊರಡುತ್ತಾರೆ, ಮೊದಲೇ ಹೇಳಿಬಿಡಿ.

ಸ್ಪೀಕರು ಎಲ್ಲಿಡುತ್ತೀರಿ ಎಂಬುದೂ ತಾಳದ ವಿಷಯವೇ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ದೊಡ್ಡ ಮೈದಾನದ ಒಂದು ತುದಿಯಲ್ಲಿ ಸ್ಪೀಕರ್ ಇಟ್ಟರೆ 34 ಮೀಟರ್ ದೂರದವರಿಗೆ ಢೋಲು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ನಿಮಿಷಕ್ಕೆ ನೂರರ ವೇಗದಲ್ಲಿ ಒಂದು ತಕಿಟಕ್ಕೆ ಸಿಗುವುದೇ 0.6 ಸೆಕೆಂಡು, ಒಂದೊಂದು ಅಕ್ಷರಕ್ಕೆ 0.2. ಅಂದರೆ ಅರ್ಧ ಅಕ್ಷರದಷ್ಟು ತಡ. ಆ ತುದಿಯವರ ಚಪ್ಪಾಳೆ ಈ ತುದಿಗೆ ವಾಪಸು ಬರುವಾಗ ಇನ್ನಷ್ಟು ಹಿಂದೆ ಬಿದ್ದಿರುತ್ತದೆ, ಎರಡು ತುದಿಯವರೂ ತಾವೇ ಸರಿ ಎಂದುಕೊಂಡಿರುತ್ತಾರೆ. ನಿಮ್ಮ 13 ಮೀಟರಿನ ಸುತ್ತಿನಲ್ಲಿ ಸ್ಪೀಕರುಗಳನ್ನು ನಡುವೆ, ದೀಪದ ಹಿಂಬದಿಗೆ, ಹೊರಮುಖವಾಗಿ ಇಟ್ಟರೆ ಎಲ್ಲರಿಗೂ ಸದ್ದು ಒಂದೇ ಹೊತ್ತಿಗೆ ತಲುಪುತ್ತದೆ. ಕಡಿಮೆ ಸದ್ದೂ ಸಾಕಾಗುತ್ತದೆ, ಸುತ್ತಲಿನ ಮನೆಗಳಿಗೆ ತೊಂದರೆಯೂ ಕಡಿಮೆ. ವೈರನ್ನು ಮಾತ್ರ ನೆಲಕ್ಕೆ ಅಂಟಿಸಿ, ಅದು ಕುಣಿಯುವವರ ಕಾಲಡಿಯಲ್ಲೇ ಹಾದುಹೋಗುತ್ತದೆ.

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆದರೆ ಅದನ್ನು ನಂಬಿ ಕೂರದೆ ಒಂಬತ್ತೂಮುಕ್ಕಾಲಿಗೆ ಮುಗಿಸುವಂತೆ ಇಟ್ಟುಕೊಳ್ಳಿ. ಏಳು ಗಂಟೆಗೆ ‘ಜೈ ಆದ್ಯಾ ಶಕ್ತಿ’ ಆರತಿ. ಏಳೂಹತ್ತಕ್ಕೆ ಬರೀ ಢೋಲಕ್ಕಿನ ಮೇಲೆ ಐದು ನಿಮಿಷ ತ್ರಣ್ ತಾಳಿ ಕಲಿಸುವುದು, ಹಾಡಿಲ್ಲದೆ. ಆಮೇಲೆ ಅರ್ಧ ಗಂಟೆ ಇಪ್ಪತ್ತರಿಂದ ಇಪ್ಪತ್ತಮೂರರ ಎಣಿಕೆಯ ದೇವಿಯ ಹಾಡುಗಳು, ಅದರ ಬೆನ್ನಿಗೆ ನಿಲ್ಲಿಸದೆ ಇನ್ನೊಂದು ಇಪ್ಪತ್ತು ನಿಮಿಷ ಇಪ್ಪತ್ತೇಳರವರೆಗೆ ಏರುವಂಥವು. ಎಂಟೂಕಾಲರ ಹೊತ್ತಿಗೆ ಪ್ರಸಾದ, ಚರುಂಬುರಿ, ನೀರು. ಎಂಟೂವರೆಯಿಂದ ಒಂಬತ್ತೂಹತ್ತರವರೆಗೆ ಕೋಲು. ಉಳಿದ ಅರ್ಧ ಗಂಟೆ ಮತ್ತೆ ಸುತ್ತು, ವೇಗದ ಹೀಂಚ್, ನಿಮ್ಮ ಮಕ್ಕಳ ಸಿನಿಮಾ ಹಾಡು. ಬೇಕಾದವರು ಎರಡು ಚಪ್ಪಾಳೆಯ ‘ಬೇ ತಾಳಿ’ಯನ್ನೋ ಗೊತ್ತಿದ್ದರೆ ‘ದೋಢಿಯು’ ಎಂಬ ಹೆಜ್ಜೆಯನ್ನೋ ಆಗ ಹಾಕಲಿ. ನಡುವೆ ಒಂದು ‘ಸನೇಡೊ’ ಇಟ್ಟರೆ ಎಲ್ಲರಿಗೂ ಉಸಿರು ಸಿಗುತ್ತದೆ, ಅದರಲ್ಲಿ ಹಾಡುವವರು ಸಾಲು ಹೇಳುತ್ತಾರೆ, ಗುಂಪು ದನಿಗೂಡಿಸುತ್ತದೆ.

ಕನ್ನಡದ ಹಾಡು ಹಾಕಬಹುದೇ ಎಂದರೆ, ಖಂಡಿತ ಹಾಕಿ, ಆದರೆ ಸರಿಯಾದ ಜಾಗದಲ್ಲಿ. ಗರ್ಬಾದ ನಡುವೆ ಜನಪ್ರಿಯ ಸಿನಿಮಾ ಹಾಡೊಂದನ್ನು ತುರುಕಿದರೆ ಕನ್ನಡಕ್ಕೂ ಮರ್ಯಾದೆಯಲ್ಲ, ಸುತ್ತಿಗೂ ಒಳ್ಳೆಯದಲ್ಲ. ಅದರ ಜಾಗ ಕೋಲಿನ ಭಾಗದ ಮೊದಲ ಹತ್ತು ನಿಮಿಷ. ನಮ್ಮ ಹಳ್ಳಿಗಳ ಕೋಲಾಟದ ಪದಗಳಿಗೆ ‘ಕೋಲು ಕೋಲೆನ್ನ ಕೋಲೆ’ ಎಂಬ ಸೊಲ್ಲು ಇದೆಯಲ್ಲ, ಅದನ್ನು ಎತ್ತಲು ಬರುವವರು ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ ಒಬ್ಬ ಅಜ್ಜಿ, ಮಂಡ್ಯ ಹಾಸನದ ಕಡೆಯ ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಅವರನ್ನು ಮೈಕಿನ ಮುಂದೆ ಕೂರಿಸಿ, ಢೋಲಕ್ಕಿನವರಿಗೆ ಅವರ ನಡೆ ಹಿಡಿಯಲು ಹೇಳಿ. ಪದ ತಕಧಿಮಿಗೆ ಕೂರುತ್ತದೋ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ತಕಿಟಕ್ಕೆ ಕೂತರೆ ಅದನ್ನು ಚಪ್ಪಾಳೆಯ ಸುತ್ತಿಗೆ ಕೊಡಿ, ಹೆಜ್ಜೆ ಏನೂ ಬದಲಾಗಬೇಕಿಲ್ಲ. ಪದದ ಒಂದು ಸಾಲು ಅವರು ಹೇಳಲಿ, ಸೊಲ್ಲನ್ನು ಕುಣಿಯುವವರೆಲ್ಲ ಹೇಳಲಿ. ಸೊಲ್ಲು ಹೇಳುತ್ತಾ ಎಂಟರ ಎಣಿಕೆ ಹಾಕಿದವರಿಗೆ ಬೇರೆ ಎಣಿಕೆ ಬೇಕಾಗುವುದಿಲ್ಲ, ‘ಆರು, ಏಳು, ಎಂಟು’ ಎಂದು ಕೂಗಿಸುವ ಕೆಲಸವೂ ನಿಮಗೆ ತಪ್ಪುತ್ತದೆ. ಕೈ ಕುದುರಿದ ಮೇಲೆ ಅದೇ ವೇಗದಲ್ಲಿ ಗುಜರಾತಿ ರಾಸಕ್ಕೆ ಹೊರಳಿಕೊಳ್ಳಿ.